"ಪಂಚ್ ಮಾಡಿ ಬಾ ಅಂದ್ರು" – ಅಂದವರು ಯಾರು? ಕುಂದುಕೊರತೆ ವಿಚಾರಣೆಯ ನಡಾವಳಿ ಬರೆಯುವ ಕ್ರಮ

ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರ ಕುಂದುಕೊರತೆ ಸಮಿತಿಯಲ್ಲಿ ನಡಾವಳಿ ಬರೆಯಲು ಶುರು ಮಾಡಿದ ಹೊಸದರಲ್ಲಿ ನಾನು ಹೀಗೊಂದು ವಾಕ್ಯ ಬರೆದಿದ್ದೆ: "ಪಂಚ್ ಮಾಡಿ ವಾಪಸ್ ಬಂದು ಕೆಲಸ ಮುಂದುವರಿಸಲು ತಿಳಿಸಲಾಯಿತು ಎಂದು ದೂರುದಾರರು ಹೇಳಿದರು." ನೋಡಲು ಅಚ್ಚುಕಟ್ಟಾಗಿತ್ತು. ಎಲ್ಲರೂ ಸಹಿ ಮಾಡಿದರು. ಮೂರು ತಿಂಗಳಾದ ಮೇಲೆ ಮೇಲ್ಮನವಿ ನೋಡಿದ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ. ತಿಳಿಸಿದವರು ಯಾರು?

ವಿಚಾರಣೆಯ ದಿನ ಆಕೆ ಹೆಸರು ಹೇಳಿದ್ದರು. ನನಗೆ ಚೆನ್ನಾಗಿ ನೆನಪಿತ್ತು. ಆದರೆ ನನ್ನ ನೆನಪು ದಾಖಲೆ ಆಗುವುದಿಲ್ಲ. ಅಷ್ಟರಲ್ಲಿ ಆ ಸೂಪರ್‌ವೈಸರ್ ಕೆಲಸ ಬಿಟ್ಟು ಹೋಗಿದ್ದರು. ಆಕೆಗೆ ಬರಬೇಕಿದ್ದ ಎರಡು ಗಂಟೆಯ ಓ.ಟಿ. ಹಣ ಬರಲಿಲ್ಲ. ಬರೆದದ್ದು ನಾನು, ಕಳೆದುಕೊಂಡದ್ದು ಆಕೆ.

ಆಮೇಲೆ ನಾನು ಬರೆಯುವ ರೀತಿಯನ್ನೇ ಬದಲಾಯಿಸಿಕೊಂಡೆ. ಆ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಜೊತೆಗೆ ಅಂಥದ್ದೇ ಇನ್ನೊಂದು ಓ.ಟಿ. ಪ್ರಕರಣವನ್ನು ಇಟ್ಟುಕೊಳ್ಳೋಣ. ಗುರುತು ಸಿಗದಂತೆ ತಾರೀಖು, ವಿವರಗಳನ್ನು ಬದಲಿಸಿದ್ದೇನೆ.

ಮೊದಲು, ಇದನ್ನು ಮುಂದೆ ಓದುವವರು ಯಾರು?

20 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಲೇಬೇಕು. ಮೊದಲು ಇದು ಕೈಗಾರಿಕಾ ವಿವಾದ ಕಾಯ್ದೆಯ 9ಸಿ ಕಲಮಿನಲ್ಲಿತ್ತು. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಜಾರಿಗೆ ಬಂದಿದೆ. ಅದರ 4ನೇ ಕಲಮು ಈಗ ಈ ಸಮಿತಿಯ ಬಗ್ಗೆ ಹೇಳುತ್ತದೆ. ಸಮಿತಿಯಲ್ಲಿ ಗರಿಷ್ಠ 10 ಜನ. ಆಡಳಿತದ ಕಡೆಯವರು ಎಷ್ಟೋ ಕೆಲಸಗಾರರ ಕಡೆಯವರೂ ಅಷ್ಟೇ. ಅರ್ಜಿ ಬಂದ 30 ದಿನದೊಳಗೆ ಕೆಲಸ ಮುಗಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ, ಅದು ಕೈಗೆ ಸಿಕ್ಕ 60 ದಿನದೊಳಗೆ ಕೆಲಸಗಾರರು ತಮ್ಮ ಸಂಘದ ಮೂಲಕ ಸಂಧಾನಾಧಿಕಾರಿಗೆ ಅರ್ಜಿ ಕೊಡಬಹುದು.

ಆ ಸಂಧಾನಾಧಿಕಾರಿಯೇ ನಿಮ್ಮ ಓದುಗರು. ಅವರು ನಿಮ್ಮ ಕೋಣೆಯಲ್ಲಿ ಕೂತಿರಲಿಲ್ಲ. ದೂರುದಾರರ ದನಿ ನಡುಗಿದ್ದು, ಸೂಪರ್‌ವೈಸರ್ ತಡವರಿಸಿದ್ದು ಅವರಿಗೆ ಗೊತ್ತಿಲ್ಲ. ಅವರ ಮುಂದೆ ಇರುವುದು ನಾಲ್ಕೈದು ಹಾಳೆ ಮಾತ್ರ. ಬರೆಯುವಾಗ ಅವರನ್ನೇ ಎದುರಿಗೆ ಕೂರಿಸಿಕೊಳ್ಳಿ. "ಯಾರು ಹೇಳಿದ್ದು? ಯಾವ ದಿನ? ಕಾಗದ ಎಲ್ಲಿದೆ? ಎದುರಿನವರಿಗೆ ತೋರಿಸಿದಿರಾ?" ಅವರು ಕೇಳುವುದು ಇಷ್ಟನ್ನೇ.

ಹಂತ 1: ಬರೆಯುವವರನ್ನು ಬೇರೆ ಇಡಿ

ಅಧ್ಯಕ್ಷರೇ ನಡಾವಳಿ ಬರೆಯುವುದು ಬೇಡ. ಪ್ರಶ್ನೆ ಕೇಳುತ್ತಾ ಬರೆಯುವವರಿಗೆ ತಮಗೆ ಬೇಕಾದ ಉತ್ತರ ಮಾತ್ರ ಕಿವಿಗೆ ಬೀಳುತ್ತದೆ. ಇದರಲ್ಲಿ ಕೆಟ್ಟ ಉದ್ದೇಶ ಏನೂ ಇರಬೇಕಿಲ್ಲ. ಕೈ ಬರೆಯುತ್ತಿರುವಾಗ ಕಿವಿ ಅರ್ಧ ಮುಚ್ಚಿರುತ್ತದೆ, ಅಷ್ಟೇ. ತೀರ್ಮಾನದಲ್ಲಿ ಮತ ಹಾಕದ ಒಬ್ಬರು ಬರೆದರೆ ಎಲ್ಲಕ್ಕಿಂತ ಒಳ್ಳೆಯದು. ಅಂಥವರು ಸಿಗದಿದ್ದರೆ ಆಡಳಿತದ ಕಡೆಯ ಒಬ್ಬರು ಬರೆಯಲಿ, ಕೆಲಸಗಾರರ ಕಡೆಯ ಒಬ್ಬರು ಪಕ್ಕದಲ್ಲಿ ಕೂತು ಪ್ರತಿ ಪುಟ ನೋಡಲಿ. ಬರೆದವರು ಯಾರು, ನೋಡಿದವರು ಯಾರು ಎಂಬುದು ನಡಾವಳಿಯಲ್ಲೇ ಇರಲಿ.

ಹಿಂದಿನ ದಿನವೇ ಫೈಲ್ ಜೋಡಿಸಿಡಿ. ಅರ್ಜಿ, ಅದರ ಮೇಲೆ ಸ್ವೀಕೃತಿ ಮುದ್ರೆ, ಎರಡೂ ಕಡೆಗೆ ಕೊಟ್ಟ ನೋಟಿಸು, ನೋಟಿಸು ತಲುಪಿದ್ದಕ್ಕೆ ಸಹಿ. ನಮ್ಮ ಪ್ರಕರಣದಲ್ಲಿ ಅರ್ಜಿ ಬಂದದ್ದು ಫೆಬ್ರವರಿ 10ಕ್ಕೆ. ಅಂದರೆ ಮಾರ್ಚ್ 12ರೊಳಗೆ ಮುಗಿಯಬೇಕು. ಈ ಕೊನೆಯ ತಾರೀಖನ್ನು ಫೈಲಿನ ಮೇಲೆ ದೊಡ್ಡದಾಗಿ ಬರೆದಿಡುವುದು ನನ್ನ ರೂಢಿ.

ಒಂದು ಎಚ್ಚರಿಕೆ. ಹೋದ ಸಲದ ನಡಾವಳಿಯನ್ನು ಕಾಪಿ ಮಾಡಿ ಹೆಸರು ಬದಲಿಸುವ ಅಭ್ಯಾಸ ಎಷ್ಟೋ ಕಡೆ ಇದೆ. ಹಾಗೆ ಮಾಡಿದಾಗ "ಎರಡೂ ಕಡೆಯವರಿಗೆ ಸಾಕಷ್ಟು ಅವಕಾಶ ನೀಡಲಾಯಿತು" ಎಂಬ ಸಾಲು ವಿಚಾರಣೆಗೆ ಮುಂಚೆಯೇ ಹಾಳೆಯಲ್ಲಿ ಕೂತಿರುತ್ತದೆ. ಖಾಲಿ ನಮೂನೆ ಇಟ್ಟುಕೊಳ್ಳಿ, ತುಂಬಿದ ನಮೂನೆ ಬೇಡ.

ಹಂತ 2: ಕೋಣೆಯಲ್ಲಿ ಯಾರಿದ್ದರು

ತಾರೀಖು, ಜಾಗ, ಶುರುವಾದ ಸಮಯ. ಇದ್ದವರ ಹೆಸರು, ಹುದ್ದೆ, ಯಾವ ಕಡೆಯವರು. ಬರದವರು ಯಾರು, ಯಾಕೆ. ನಡುವೆ ಎದ್ದು ಹೋದವರು, ತಡವಾಗಿ ಬಂದವರು, ಎಷ್ಟು ಗಂಟೆಗೆ. ಒಬ್ಬ ಸದಸ್ಯರು ಅರ್ಧ ಗಂಟೆ ತಡವಾಗಿ ಬಂದು ದೂರುದಾರರ ಮಾತನ್ನೇ ಕೇಳದೆ ಮತ ಹಾಕಿದ್ದರೆ, ಅದು ಓದುವವರಿಗೆ ತಿಳಿಯಬೇಕು ಅಲ್ವಾ?

ಭಾಷೆಯನ್ನೂ ಇಲ್ಲೇ ಬರೆಯಿರಿ. ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಈಗ ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯಿಂದ ಬಂದ ಹೆಣ್ಣುಮಕ್ಕಳು ಎಷ್ಟೋ ಜನ ಇದ್ದಾರೆ. ಆಕೆ ಹಿಂದಿಯಲ್ಲಿ ಹೇಳಿದ್ದನ್ನು ನೀವು ಕನ್ನಡದಲ್ಲಿ ಬರೆದರೆ, ಹೇಳಿ ತಿಳಿಸಿದವರು ಯಾರು ಎಂಬುದು ನಡಾವಳಿಯಲ್ಲಿರಬೇಕು. ದೂರಿನಲ್ಲಿರುವ ಸೂಪರ್‌ವೈಸರೇ ಭಾಷಾಂತರ ಮಾಡಿದ್ದಾರೆ ಎಂದರೆ ಆ ಹೇಳಿಕೆ ನಿಲ್ಲುವುದಿಲ್ಲ. ಇಂಥದ್ದು ನಿಜಕ್ಕೂ ನಡೆಯುತ್ತದೆ. ಹಿಂದಿ ಬರುವವರು ಆ ಹೊತ್ತಿಗೆ ಅವರೊಬ್ಬರೇ ಸಿಕ್ಕಿರುತ್ತಾರೆ.

ಇನ್ನು ಸದಸ್ಯರ ಸಂಬಂಧ. ದೂರಿಗೆ ಸಂಬಂಧಪಟ್ಟವರು ಯಾರಾದರೂ ಸಮಿತಿಯಲ್ಲಿದ್ದಾರಾ ಎಂದು ಅಧ್ಯಕ್ಷರು ಶುರುವಿನಲ್ಲೇ ಕೇಳಬೇಕು. ಪ್ರಶ್ನೆ, ಉತ್ತರ ಎರಡನ್ನೂ ಬರೆಯಿರಿ. 1969ರ ಎ.ಕೆ. ಕ್ರೈಪಕ್ ಪ್ರಕರಣವನ್ನು ನಾನು ಹೊಸ ಸದಸ್ಯರಿಗೆ ಯಾವಾಗಲೂ ಹೇಳುತ್ತೇನೆ. ಅರಣ್ಯ ಸೇವೆಯ ಆಯ್ಕೆ ಮಂಡಳಿಯೊಂದರಲ್ಲಿ ಕೂತಿದ್ದ ಅಧಿಕಾರಿಯೊಬ್ಬರು ತಾವೂ ಆ ಆಯ್ಕೆಗೆ ಅಭ್ಯರ್ಥಿಯಾಗಿದ್ದರು. ತಮ್ಮ ಹೆಸರು ಬಂದಾಗ ಅವರು ಕಲಾಪದಲ್ಲಿ ಭಾಗವಹಿಸಲಿಲ್ಲ. ಉಳಿದವರ ಹೆಸರು ಬಂದಾಗ ಭಾಗವಹಿಸಿದರು. ಸುಪ್ರೀಂ ಕೋರ್ಟ್ ಆ ಆಯ್ಕೆಯನ್ನೇ ರದ್ದು ಮಾಡಿತು. ಅರ್ಧ ಎದ್ದು ಹೋಗುವುದು ಸಾಲದು. ನಮ್ಮ ಪ್ರಕರಣದಲ್ಲಿ ಫ್ಲೋರ್ ಇನ್‌ಚಾರ್ಜ್ ಸಮಿತಿಯ ಸದಸ್ಯರಾಗಿದ್ದರು. ದೂರು ಅವರ ಕೈಕೆಳಗಿನ ಬ್ಯಾಚಿನದ್ದೇ. ಹಾಗಾಗಿ ಹೀಗೆ ಬರೆದೆವು:

"ಫ್ಲೋರ್ ಇನ್‌ಚಾರ್ಜ್ ಅವರು ಈ ಬ್ಯಾಚು ತಮ್ಮ ಮೇಲ್ವಿಚಾರಣೆಯಲ್ಲಿದೆ ಎಂದು ತಿಳಿಸಿದರು. ಬೆಳಿಗ್ಗೆ 11.05ಕ್ಕೆ ಸಭೆಯಿಂದ ಹೊರಗೆ ಹೋದರು. ಈ ಪ್ರಕರಣದ ಚರ್ಚೆ, ತೀರ್ಮಾನ ಎರಡರಲ್ಲೂ ಅವರು ಭಾಗವಹಿಸುವುದಿಲ್ಲ."

ಹಂತ 3: ದೂರು ಏನು, ಕೇಳುತ್ತಿರುವುದು ಏನು

ದೂರನ್ನು ಆಕೆಯ ಮಾತಿನಲ್ಲೇ ಮೂರ್ನಾಲ್ಕು ಸಾಲಿನಲ್ಲಿ ಬರೆಯಿರಿ. ಕೊನೆಗೆ ಆಕೆಗೆ ಏನು ಬೇಕು ಎಂಬುದೂ ಇರಲಿ. ಇದನ್ನು ಬಿಟ್ಟುಬಿಡುವುದು ಬಹಳ ಸಾಮಾನ್ಯ. ಪುಟಗಟ್ಟಲೆ ಜಗಳದ ವಿವರ ಇರುತ್ತದೆ, ಆಕೆ ಕೇಳಿದ್ದೇನು ಎಂದು ಹುಡುಕಿದರೆ ಸಿಗುವುದಿಲ್ಲ.

ನಮ್ಮ ದೂರುದಾರರು 3ನೇ ಬ್ಯಾಚಿನ ಟೈಲರ್. ಜನವರಿ 6, 7, 8 ಮೂರೂ ದಿನ ಸಂಜೆ 5.30ರ ಮೇಲೆ ಎರಡೆರಡು ಗಂಟೆ ಕೆಲಸ ಮಾಡಿದ್ದೇನೆ, ಪೇ ಸ್ಲಿಪ್‌ನಲ್ಲಿ ಓ.ಟಿ. ಸೊನ್ನೆ ಇದೆ ಎಂಬುದು ಅವರ ದೂರು. ಬೇಕಿರುವುದು ಆರು ಗಂಟೆಯ ಓ.ಟಿ. ಹಣ, ಕಾನೂನಿನಂತೆ ದುಪ್ಪಟ್ಟು ದರದಲ್ಲಿ. ಇದನ್ನು ಬರೆದ ಮೇಲೆ ಅಧ್ಯಕ್ಷರು ಗಟ್ಟಿಯಾಗಿ ಓದಿದರು. "ಇಷ್ಟೇನಾ ಅಥವಾ ಇನ್ನೂ ಏನಾದರೂ ಇದೆಯಾ?" ಎಂದು ಕೇಳಿದರು. "ಇಷ್ಟೇ ಸರ್" ಎಂದರು. ಆ ಎರಡು ಸಾಲೂ ನಡಾವಳಿಗೆ ಹೋದವು. ನಾಳೆ ಯಾರೂ "ನನ್ನ ಇನ್ನೊಂದು ದೂರನ್ನು ಕೇಳಲೇ ಇಲ್ಲ" ಎನ್ನುವಂತಿಲ್ಲ, "ಆಕೆ ಅದನ್ನು ಕೇಳಿರಲೇ ಇಲ್ಲ" ಎಂದೂ ಎನ್ನುವಂತಿಲ್ಲ.

ಈ ಹಂತದಲ್ಲಿ ಮಾತು ಲೈಂಗಿಕ ಕಿರುಕುಳದ ಕಡೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ. ಅದು 2013ರ ಕಾಯ್ದೆಯ ಆಂತರಿಕ ಸಮಿತಿಗೆ ಹೋಗಬೇಕಾದ ವಿಷಯ. ಅಲ್ಲಿ ಗುರುತು, ವಿವರ ಎಲ್ಲವನ್ನೂ ಗೋಪ್ಯವಾಗಿ ಇಡಬೇಕೆಂದು ಕಾನೂನೇ ಹೇಳುತ್ತದೆ. ವಿವರ ಬರೆಯಬೇಡಿ. "ಒಂದು ಅಂಶವನ್ನು ಆಂತರಿಕ ಸಮಿತಿಗೆ ಕೊಡಲು ದೂರುದಾರರಿಗೆ ತಿಳಿಸಲಾಗಿದೆ" ಎಂದಷ್ಟೇ ಸಾಕು.

ಹಂತ 4: ಮಾತನ್ನು ಬರೆಯುವುದು

ನಡಾವಳಿ ನಿಲ್ಲುವುದೂ ಬೀಳುವುದೂ ಇಲ್ಲೇ. ಅದಕ್ಕೇ ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಎಲ್ಲ ಮಾತನ್ನೂ ಅಕ್ಷರಕ್ಕೆ ಅಕ್ಷರ ಬರೆಯಬೇಕಿಲ್ಲ. ಬರೆಯಲು ಆಗುವುದೂ ಇಲ್ಲ. ನಾನು ಇಟ್ಟುಕೊಂಡಿರುವ ಅಳತೆ ಇದು: ಯಾವ ಮಾತಿನ ಮೇಲೆ ತೀರ್ಮಾನ ನಿಂತಿದೆಯೋ ಅದನ್ನು ಉದ್ಧರಣ ಚಿಹ್ನೆಯೊಳಗೆ ಹೇಳಿದ ಹಾಗೇ ಬರೆಯಬೇಕು. ಒಪ್ಪಿಕೊಂಡ ಮಾತು, ನಿರಾಕರಿಸಿದ ಮಾತು, ಬೈಗುಳ, ಆದೇಶ, ಸಮಯ, ಸಂಖ್ಯೆ ಇಂಥವು. ಉಳಿದದ್ದರ ಸಾರ ಸಾಕು.

ಕನ್ನಡದಲ್ಲಿ ಬರೆಯುವಾಗ ನಾಲ್ಕು ಕಡೆ ಕಾಲು ಜಾರುತ್ತದೆ.

ಒಂದು, ಕರ್ತೃ ಕಾಣೆಯಾಗುವುದು. ನಾವು ಮಾತಾಡುವಾಗ ಯಾರು ಎಂದು ಹೇಳದೆಯೇ ವಾಕ್ಯ ಮುಗಿಸುತ್ತೇವೆ. "ಪಂಚ್ ಮಾಡಿ ಬಾ ಅಂದ್ರು", "ಹೇಳಿದ್ದೆ, ಕೇಳ್ಲಿಲ್ಲ". ಕೋಣೆಯಲ್ಲಿ ಕೂತವರಿಗೆ ಅರ್ಥವಾಗುತ್ತದೆ. ಹಾಳೆಯಲ್ಲಿ ಓದುವವರಿಗೆ ಆಗುವುದಿಲ್ಲ. ಬರೆಯುವವರಿಗೆ ಇಲ್ಲಿ ಕೈ ಎತ್ತುವ ಹಕ್ಕಿರಬೇಕು: "ಅಂದವರು ಯಾರಮ್ಮ?" ಎಂದು ಅಧ್ಯಕ್ಷರ ಮೂಲಕ ಕೇಳಿಸಿ, ಉತ್ತರ ಬರೆಯಬೇಕು. ನೀವೇ ಊಹಿಸಿ ಹೆಸರು ತುಂಬಬೇಡಿ. ಅದನ್ನು ಮುಚ್ಚಿಡುವ "ತಿಳಿಸಲಾಯಿತು", "ಸೂಚಿಸಲಾಯಿತು" ಎಂಬ ರೂಪಗಳನ್ನೂ ಹೇಳಿಕೆಯ ಭಾಗದಲ್ಲಿ ಬಳಸಬೇಡಿ. ನನ್ನ ಹಳೆಯ ತಪ್ಪು ಅದೇ.

ಎರಡು, ಕಂಡದ್ದು ಮತ್ತು ಕೇಳಿದ್ದು. "ಸೂಪರ್‌ವೈಸರ್ ಬೈದರಂತೆ" ಎಂದು ಸಾಕ್ಷಿ ಹೇಳಿದರೆ ಆ "ಅಂತೆ"ಯನ್ನು ತೆಗೆಯಬೇಡಿ. ಆ ಒಂದು ಪದ ಹೋದರೆ ಬೇರೆಯವರ ಬಾಯಿಂದ ಕೇಳಿದ ಸುದ್ದಿ ಕಣ್ಣಾರೆ ಕಂಡ ಸಾಕ್ಷಿ ಆಗಿಬಿಡುತ್ತದೆ. "ನೀವೇ ಕೇಳಿದಿರಾ, ಯಾರಾದರೂ ಹೇಳಿದರಾ?" ಎಂದು ಕೇಳಿ ಬರೆಯಿರಿ.

ಮೂರು, ಮರ್ಯಾದೆಯ ರೂಪ. ಹಳೆಯ ಫೈಲುಗಳನ್ನು ತೆಗೆದು ನೋಡಿ. "ಮ್ಯಾನೇಜರ್ ಹೇಳಿದರು", ಅದರ ಕೆಳಗೇ "ಟೈಲರ್ ಹೇಳಿದಳು". ಬರೆದವರ ಗಮನಕ್ಕೂ ಬಂದಿರುವುದಿಲ್ಲ. ಆದರೆ ಓದುವವರಿಗೆ ಈ ಸಮಿತಿ ಯಾರ ಕಡೆಗೆ ಬಾಗಿ ಕೂತಿತ್ತು ಎಂದು ಮೊದಲ ಪುಟದಲ್ಲೇ ತಿಳಿಯುತ್ತದೆ. ಎಲ್ಲರಿಗೂ ಬಹುವಚನ. ಹೆಲ್ಪರ್ ಹುಡುಗಿಗೂ, ಜನರಲ್ ಮ್ಯಾನೇಜರಿಗೂ. ಉದ್ಧರಣ ಚಿಹ್ನೆಯೊಳಗೆ ಮಾತ್ರ ಆಡಿದ ಮಾತು ಹೇಗಿತ್ತೋ ಹಾಗೆ. ಸೂಪರ್‌ವೈಸರ್ "ಏನೇ, ಹೋಗೇ" ಎಂದಿದ್ದರೆ ಅದನ್ನು ತಿದ್ದಿ "ಹೋಗಿ" ಎಂದು ಬರೆಯುವುದು ಸಾಕ್ಷ್ಯವನ್ನೇ ತೊಳೆದ ಹಾಗೆ.

ನಾಲ್ಕು, ಕ್ರಿಯಾಪದದಲ್ಲಿ ತೀರ್ಪು ನುಸುಳುವುದು. ಒಬ್ಬರು "ಸ್ಪಷ್ಟಪಡಿಸಿದರು", ಇನ್ನೊಬ್ಬರು "ಆರೋಪಿಸಿದರು" ಎಂದು ಬರೆದರೆ ಅರ್ಧ ತೀರ್ಮಾನ ಆಗಿಹೋಯಿತು. "ಹೇಳಿದರು" ಎಂಬ ಸಾದಾ ಪದ ಸಾಕು. ಹತ್ತು ಸಲ ಬಂದರೂ ಪರವಾಗಿಲ್ಲ. "ಒಪ್ಪಿಕೊಂಡರು" ಎಂದು ಬರೆಯುವ ಮುಂಚೆ ಏನನ್ನು ಒಪ್ಪಿದರು ಎಂದು ಎರಡು ಸಲ ನೋಡಿ. ನಮ್ಮ ಸೂಪರ್‌ವೈಸರ್ "ಹೌದು, ಆಕೆ ಇದ್ದರು" ಎಂದರು. ಅದು ಇದ್ದದ್ದನ್ನು ಒಪ್ಪಿದ್ದು. ಓ.ಟಿ. ಕೊಡಬೇಕೆಂದು ಒಪ್ಪಿದ್ದಲ್ಲ. ಅವರ ಪೂರ್ತಿ ಮಾತು ಹೀಗಿತ್ತು: "ಹೌದು, 6 ಮತ್ತು 7ನೇ ತಾರೀಖು ಆಕೆ ಇದ್ದರು. ಆದರೆ ತಮ್ಮದೇ ಆಲ್ಟರ್ ಪೀಸ್ ಸರಿ ಮಾಡಲು ಕೂತಿದ್ದರು. ಅದು ಓ.ಟಿ. ಅಲ್ಲ." ಹೊಲಿಗೆ ತಪ್ಪಾಗಿ ವಾಪಸ್ ಬಂದ ಪೀಸಿಗೆ ಗಾರ್ಮೆಂಟ್ಸ್‌ನಲ್ಲಿ ಆಲ್ಟರ್ ಎನ್ನುತ್ತಾರೆ. ಈ ಮೂರೂ ವಾಕ್ಯ ಒಟ್ಟಿಗೇ ಇರಬೇಕು. ಮೊದಲನೆಯದನ್ನು ಮಾತ್ರ ಬರೆದರೆ ಸೂಪರ್‌ವೈಸರಿಗೆ ಅನ್ಯಾಯ, ಕೊನೆಯದನ್ನು ಮಾತ್ರ ಬರೆದರೆ ಟೈಲರಿಗೆ ಅನ್ಯಾಯ.

ಅಳು ಬಂದರೆ? ಎದುರಿಗೆ ಕಂಡಷ್ಟನ್ನು ಬರೆಯಿರಿ. "ದೂರುದಾರರು ಅತ್ತರು. 11.40ರಿಂದ 11.50ರವರೆಗೆ ಬಿಡುವು ಕೊಡಲಾಯಿತು." ಅಷ್ಟೇ. "ಭಾವುಕರಾಗಿ ಅಸಂಬದ್ಧವಾಗಿ ಮಾತಾಡಿದರು" ಎಂದು ಬರೆದರೆ ಅದು ನಿಮ್ಮ ಅಭಿಪ್ರಾಯ.

"ಮೊನ್ನೆ", "ಹೋದ ಶಿಪ್‌ಮೆಂಟ್ ಟೈಮಲ್ಲಿ" ಎಂದಾಗ ಅಲ್ಲೇ ತಾರೀಖು ಕೇಳಿ. ಗೊತ್ತಿಲ್ಲ ಎಂದರೆ "ತಾರೀಖು ನೆನಪಿಲ್ಲ ಎಂದರು" ಎಂದೇ ಬರೆಯಿರಿ.

ಹಂತ 5: ಕಾಗದಗಳಿಗೆ ನಂಬರ್

ಯಾರಾದರೂ ಕಾಗದ ಮುಂದಿಟ್ಟ ಕೂಡಲೇ ಅದಕ್ಕೆ ನಂಬರ್ ಹಾಕಿ: ದಾಖಲೆ 1, ದಾಖಲೆ 2. ಕೊಟ್ಟವರು ಯಾರು, ಅಸಲೋ ಜೆರಾಕ್ಸೋ, ಎಷ್ಟು ಪುಟ, ಎದುರಿನವರಿಗೆ ತೋರಿಸಲಾಯಿತೇ, ಅವರು ಏನೆಂದರು. ಇದರಲ್ಲಿ ಮುಖ್ಯವಾದದ್ದು ತೋರಿಸಿದ ವಿಷಯ. ಒಬ್ಬರಿಗೆ ತೋರಿಸದ ಕಾಗದದ ಮೇಲೆ ಅವರ ವಿರುದ್ಧ ತೀರ್ಮಾನ ಮಾಡಿದರೆ, ಮೇಲೆ ಹೋದಾಗ ಮೊದಲು ಬೀಳುವುದೇ ಅದು.

ನಮ್ಮಲ್ಲಿ ದಾಖಲೆ 1 ಪೇ ಸ್ಲಿಪ್. ದಾಖಲೆ 2 ಪಂಚಿಂಗ್ ಮೆಷಿನ್ನಿನ ಪ್ರಿಂಟ್. ಅದರಲ್ಲಿ ಹೊರಗೆ ಹೋದ ಸಮಯ 6ರಂದು 7.34, 7ರಂದು 7.31, 8ರಂದು 5.41. ಆಡಳಿತದ ಕಡೆಯವರು ಕೂಡಲೇ ಹೇಳಿದರು, "ನೋಡಿ, ಮೂರನೇ ದಿನ ಸುಮ್ನೆ ಸೇರಿಸಿದ್ದಾರೆ."

ಇಂಥ ಹೊತ್ತಿನಲ್ಲಿ ಕೈ ತಾನಾಗೇ "8ನೇ ತಾರೀಖು ದೂರುದಾರರು 5.41ಕ್ಕೆ ಮನೆಗೆ ಹೋಗಿದ್ದಾರೆ" ಎಂದು ಬರೆಯುತ್ತದೆ. ಬರೆಯಬೇಡಿ. ಪ್ರಿಂಟ್ ಹೇಳುವುದು 5.41ಕ್ಕೆ ಕಾರ್ಡ್ ಪಂಚ್ ಆಗಿದೆ ಎಂದಷ್ಟೇ. ನಾವು ಬರೆದದ್ದು ಹೀಗೆ:

"ದಾಖಲೆ 2ರ ಪ್ರಕಾರ ಜನವರಿ 8ರಂದು ಸಂಜೆ 5.41ಕ್ಕೆ ಹೊರಗಿನ ಪಂಚ್ ಇದೆ. ಇದನ್ನು ದೂರುದಾರರಿಗೆ ತೋರಿಸಲಾಯಿತು. ಅವರು, 'ಪಂಚ್ ಮಾಡಿ ಬಾ ಅಂದ್ರು, ಮಾಡಿ ಒಳಗೆ ಬಂದೆ' ಎಂದರು. ಅಂದವರು ಯಾರು ಎಂದು ಅಧ್ಯಕ್ಷರು ಕೇಳಿದರು. '3ನೇ ಬ್ಯಾಚಿನ ಸೂಪರ್‌ವೈಸರ್' ಎಂದರು. ಎಷ್ಟು ಹೊತ್ತಿಗೆ ಹೊರಟಿರಿ ಎಂದು ಕೇಳಿದಾಗ, 'ಎಂಟಕ್ಕೆ ಹತ್ತು ನಿಮಿಷ ಇತ್ತೇನೋ, ಲಾಸ್ಟ್ ಬಸ್ಸಲ್ಲಿ ಹೋದೆ' ಎಂದರು. ಸೂಪರ್‌ವೈಸರ್ ಅವರನ್ನು ಕೇಳಲಾಯಿತು. 'ನಾನು ಹಾಗೆ ಹೇಳಿಲ್ಲ' ಎಂದರು."

ಆ "ಇತ್ತೇನೋ" ಕೂಡ ಬಿಡಲಿಲ್ಲ. ಆಕೆಗೆ ಖಚಿತ ಇರಲಿಲ್ಲ, ಅದೂ ಸತ್ಯವೇ. ಬಸ್ಸಿನ ಮಾತು ಬಂದದ್ದರಿಂದ ಕೆಲಸಗಾರರ ಕಡೆಯ ಸದಸ್ಯರೊಬ್ಬರು ಬಸ್ ಹತ್ತುವವರ ಪುಸ್ತಕ ತರಿಸಿ ಎಂದರು. ಸಭೆಯನ್ನು ಫೆಬ್ರವರಿ 24ಕ್ಕೆ ಮುಂದೂಡಿದೆವು. ಮುಂದೂಡುವಾಗಲೂ ಯಾಕೆ, ಯಾರು ಏನು ತರಬೇಕು, ಯಾವಾಗ ಎಂದು ಬರೆಯಿರಿ. ಯಾರಾದರೂ ಕಾಗದ ಅಥವಾ ಸಾಕ್ಷಿ ಕೇಳಿ ಸಮಿತಿ ಬೇಡ ಎಂದರೆ, ಕೇಳಿದ್ದನ್ನೂ ಬೇಡ ಎಂದದ್ದರ ಕಾರಣವನ್ನೂ ತಪ್ಪದೆ ದಾಖಲಿಸಿ.

ಹಂತ 6: ಅವತ್ತೇ ಓದಿ ಹೇಳಿ, ಅವತ್ತೇ ಸಹಿ

ಹೇಳಿಕೆಯ ಭಾಗ ಮುಗಿದ ಕೂಡಲೇ, ಎದ್ದು ಹೋಗುವ ಮುಂಚೆ, ಹೇಳಿದವರ ಭಾಷೆಯಲ್ಲಿ ಓದಿ ಹೇಳಿ. ಕೋರ್ಟಿನ ಹೇಳಿಕೆಗಳ ಕೊನೆಗೆ "ಓದಿ ಹೇಳಲಾಗಿ ಸರಿ ಇದೆ ಎಂದು ಒಪ್ಪಿದರು" ಎಂಬಂಥ ಸಾಲು ಬರುತ್ತದಲ್ಲ, ಅದನ್ನು ನಿಜವಾಗಿ ಮಾಡಿ ಆಮೇಲೆ ಬರೆಯಿರಿ. ನಿಧಾನವಾಗಿ ಓದಿದರೆ ನಾಲ್ಕು ಪುಟಕ್ಕೆ ಹೆಚ್ಚೆಂದರೆ ಕಾಲು ಗಂಟೆ ಹಿಡಿಯುತ್ತದೆ.

ಆಕೆ "ಹಾಗಲ್ಲ" ಎಂದರೆ ಎರಡು ದಾರಿ. ನೀವು ಕೇಳಿಸಿಕೊಂಡದ್ದೇ ತಪ್ಪಾಗಿದ್ದರೆ, ತಪ್ಪಿನ ಮೇಲೆ ಓದಲು ಬರುವಂತೆ ಒಂದೇ ಗೆರೆ ಎಳೆಯಿರಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಆಕೆಯ ಮತ್ತು ಅಧ್ಯಕ್ಷರ ಚಿಕ್ಕ ಸಹಿ ಹಾಕಿಸಿ. ವೈಟ್‌ನರ್ ಹಚ್ಚಬೇಡಿ, ಗೀಚಿ ಕಪ್ಪು ಮಾಡಬೇಡಿ. ಒಳಗೆ ಏನಿತ್ತು ಎಂಬ ಅನುಮಾನ ಫೈಲಿನ ಜೊತೆಗೇ ಹೋಗುತ್ತದೆ. ಆದರೆ ಆಕೆ ಅದನ್ನು ಹೇಳಿದ್ದು ಹೌದು, ಈಗ ಬದಲಿಸಲು ಬಯಸುತ್ತಿದ್ದಾರೆ ಎಂದಾದರೆ ಮೊದಲಿನದನ್ನು ಮುಟ್ಟಬೇಡಿ. ಕೆಳಗೆ "ಓದಿ ಹೇಳಿದಾಗ ಹೀಗೆ ಸೇರಿಸಿದರು" ಎಂದು ಹೊಸದಾಗಿ ಬರೆಯಿರಿ. ಎರಡನ್ನೂ ಓದುವವರು ನೋಡಲಿ.

ಪ್ರತಿ ಪುಟದ ಕೆಳಗೂ ಸಹಿ. ಕೊನೆಯ ಪುಟದಲ್ಲಿ ಜಾಗ ಉಳಿದರೆ ಅಡ್ಡಗೆರೆ. ಹೆಬ್ಬೆಟ್ಟು ಒತ್ತಿದರೆ ಅದು ಯಾರದು ಎಂದು ಪಕ್ಕದಲ್ಲಿ ಬರೆದು ಒಬ್ಬರ ಸಾಕ್ಷಿ ಸಹಿ. ಸಹಿ ಹಾಕಲ್ಲ ಎಂದರೆ ಒತ್ತಾಯ ಬೇಡ. "ಓದಿ ಹೇಳಲಾಯಿತು. ಸಹಿ ಹಾಕಲು ನಿರಾಕರಿಸಿದರು. ಕಾರಣ: ..." ಎಂದು ಷರಾ ಬರೆದು ಇದ್ದವರು ಸಹಿ ಮಾಡಿ. ಆಡಿಯೋ ರೆಕಾರ್ಡ್ ಮಾಡಿದರೂ ಈ ಹಂತ ತಪ್ಪುವುದಿಲ್ಲ. ರೆಕಾರ್ಡ್ ಮಾಡುವುದಾದರೆ ಎಲ್ಲರಿಗೂ ಹೇಳಿ, ಒಪ್ಪಿಗೆ ಪಡೆದು ಮಾಡಿ, ಅದನ್ನೂ ಬರೆಯಿರಿ.

ಹಂತ 7: ತೀರ್ಮಾನ ಬೇರೆ ಹಾಳೆಯಲ್ಲಿ

ಎರಡೂ ಕಡೆಯವರು ಹೊರಗೆ ಹೋದ ಮೇಲಿನ ಚರ್ಚೆಯನ್ನು ಹೇಳಿಕೆಗಳ ಜೊತೆ ಬೆರೆಸಬೇಡಿ. ಹೊಸ ಹಾಳೆಯಿಂದ ಶುರು ಮಾಡಿ. ಒಪ್ಪಿತ ಸಂಗತಿ ಯಾವುದು, ತಕರಾರಿನದು ಯಾವುದು, ತಕರಾರಿನಲ್ಲಿ ಸಮಿತಿ ಯಾವುದನ್ನು ನಂಬಿತು, ಯಾಕೆ ನಂಬಿತು. ಯಾವ ಸದಸ್ಯರು ಚರ್ಚೆಯಲ್ಲಿ ಏನೆಂದರು ಎಂಬ ಒಂದೊಂದು ಮಾತೂ ಬೇಕಿಲ್ಲ. ಕಾರಣ ಮಾತ್ರ ಬೇಕೇ ಬೇಕು.

ಕಾರಣವನ್ನು ಆಮೇಲೆ ಸೇರಿಸಬಹುದು ಎಂದುಕೊಳ್ಳಬೇಡಿ. ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಆದೇಶವೊಂದನ್ನು ಅದರಲ್ಲೇ ಬರೆದಿರುವ ಕಾರಣಗಳಿಂದ ಅಳೆಯಬೇಕು, ಕೋರ್ಟಿಗೆ ಬಂದ ಮೇಲೆ ಅಫಿಡವಿಟ್ಟಿನಲ್ಲಿ ಹೊಸ ಕಾರಣ ತುಂಬುವಂತಿಲ್ಲ. ಅದು ಸರ್ಕಾರಿ ಅಧಿಕಾರದ ಆದೇಶಗಳ ಬಗ್ಗೆ ಹೇಳಿದ ಮಾತು. ಆದರೂ ಫ್ಯಾಕ್ಟರಿ ಸಮಿತಿಗೂ ಅದೇ ಅಳತೆ ಇಟ್ಟುಕೊಳ್ಳುವುದು ಕ್ಷೇಮ.

24ರಂದು ಬಸ್ ಪುಸ್ತಕ ಬಂತು. ದಾಖಲೆ 3. ಅದರಲ್ಲಿ 8ನೇ ತಾರೀಖು 5.45ರ ಬಸ್ಸಿನಲ್ಲಿ ಆಕೆಯ ಹೆಸರಿಲ್ಲ, 7.45ರ ಬಸ್ಸಿನಲ್ಲಿ ಇದೆ. ಇಬ್ಬರಿಗೂ ತೋರಿಸಿದೆವು. ಸೂಪರ್‌ವೈಸರ್ "ಕ್ಯಾಂಟೀನಲ್ಲಿ ಕೂತಿರಬಹುದು" ಎಂದರು. ಅದನ್ನೂ ಬರೆದೆವು. ತೀರ್ಮಾನದ ಕಾರಣ ಹೀಗಿತ್ತು:

"6 ಮತ್ತು 7ರಂದು 7.30ರವರೆಗೆ ದೂರುದಾರರು ಕೆಲಸದಲ್ಲಿದ್ದರು ಎಂಬುದನ್ನು ಇಬ್ಬರೂ ಒಪ್ಪುತ್ತಾರೆ. ಅದು ಆಲ್ಟರ್ ಪೀಸಿನ ಕೆಲಸವೇ ಆಗಿದ್ದರೂ ಫ್ಯಾಕ್ಟರಿಯ ಕೆಲಸವೇ; ಅದಕ್ಕೆ ಓ.ಟಿ. ಇಲ್ಲ ಎಂಬ ಲಿಖಿತ ನಿಯಮ ಯಾವುದನ್ನೂ ಸಮಿತಿಗೆ ತೋರಿಸಿಲ್ಲ. 8ರಂದು ಪಂಚ್ 5.41ಕ್ಕೆ ಇದ್ದರೂ, ದಾಖಲೆ 3 ದೂರುದಾರರ ಮಾತಿಗೆ ಹೊಂದುತ್ತದೆ. ಕ್ಯಾಂಟೀನಿನಲ್ಲಿ ಇದ್ದರು ಎಂಬುದನ್ನು ಕಂಡವರು ಯಾರೂ ಇಲ್ಲ. ಆದ್ದರಿಂದ ಮೂರು ದಿನದ ಆರು ಗಂಟೆಯನ್ನೂ ಸಮಿತಿ ಒಪ್ಪುತ್ತದೆ."

ಈಗ ಮತದ ಲೆಕ್ಕ. ಹೊಸ ಸಂಹಿತೆಯಲ್ಲಿ ಬಹುಮತ ಇದ್ದರಷ್ಟೇ ಸಾಲದು. ಕೆಲಸಗಾರರ ಕಡೆಯ ಸದಸ್ಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಒಪ್ಪಿರಬೇಕು. ಇಲ್ಲದಿದ್ದರೆ ತೀರ್ಮಾನವೇ ಆಗಿಲ್ಲ ಎಂದು ಕಾನೂನು ನೋಡುತ್ತದೆ. ಎಂಟು ಜನರ ಸಮಿತಿ ಇದೆ ಎಂದುಕೊಳ್ಳಿ, ಎರಡೂ ಕಡೆ ನಾಲ್ಕು ನಾಲ್ಕು. ಆಡಳಿತದ ನಾಲ್ವರೂ ಕೆಲಸಗಾರರ ಇಬ್ಬರೂ ಒಪ್ಪಿದರು. ಆರು–ಎರಡು, ಭರ್ಜರಿ ಬಹುಮತ. ಆದರೂ ತೀರ್ಮಾನ ಅಲ್ಲ, ಯಾಕೆಂದರೆ ಕೆಲಸಗಾರರ ಕಡೆ ಮೂವರು ಬೇಕಿತ್ತು. ಹಾಗಾಗಿ "ಬಹುಮತದಿಂದ ತೀರ್ಮಾನಿಸಲಾಯಿತು" ಎಂಬ ಸಾಲಿನಿಂದ ಓದುವವರಿಗೆ ಏನೂ ಗೊತ್ತಾಗುವುದಿಲ್ಲ. ನಮ್ಮದರಲ್ಲಿ ಇದ್ದದ್ದು ಇದು: "ಆಡಳಿತದ ಕಡೆ ಹಾಜರಿದ್ದ 3ರಲ್ಲಿ 2 ಒಪ್ಪಿಗೆ, 1 ಭಿನ್ನ. ಕೆಲಸಗಾರರ ಕಡೆ 4ರಲ್ಲಿ 4 ಒಪ್ಪಿಗೆ." ಭಿನ್ನಮತದ ಕಾರಣ ಎರಡು ಸಾಲಿನಲ್ಲಿ ಇರಲಿ. ಹೆಸರು ಹಾಕಬೇಕೋ ಬೇಡವೋ ಎಂಬುದನ್ನು ಭಿನ್ನವಾಗಿ ನಿಂತವರನ್ನೇ ಕೇಳಿ. ಕೆಲಸಗಾರರ ಕಡೆಯವರು ನಾಳೆ ಅದೇ ಲೈನಿನಲ್ಲಿ ಕೂರಬೇಕು, ಅವರ ಭಯ ಸುಳ್ಳಲ್ಲ.

ಕೊನೆಗೆ, ಮಾಡಬೇಕಾದದ್ದು. "ಸೂಕ್ತ ಕ್ರಮ ಕೈಗೊಳ್ಳುವುದು" ಎಂದು ಬರೆದರೆ ಯಾರೂ ಏನೂ ಮಾಡುವುದಿಲ್ಲ. "ಆರು ಗಂಟೆಯ ಓ.ಟಿ.ಯನ್ನು ಫೆಬ್ರವರಿ ಸಂಬಳದ ಜೊತೆ ಕೊಡುವುದು. ಜವಾಬ್ದಾರಿ: ಎಚ್‌ಆರ್ ವಿಭಾಗ." ಹೀಗಿರಲಿ.

ಹಂತ 8: ಫೈಲ್ ಮತ್ತು ಪ್ರತಿ

ಕೈಬರಹದ ಕಚ್ಚಾ ಟಿಪ್ಪಣಿಯನ್ನು ಟೈಪ್ ಮಾಡಿದ ಮೇಲೆ ಹರಿದು ಹಾಕುವವರಿದ್ದಾರೆ. ನಾನು ಇಟ್ಟುಕೊಳ್ಳುತ್ತೇನೆ, ಅದೇ ಫೈಲಿನಲ್ಲಿ, ತಾರೀಖು ಹಾಕಿ. ಸಹಿ ಆಗಿರುವುದು ಕೈಬರಹದ ಪ್ರತಿಯ ಮೇಲಾದರೆ ಅದೇ ಅಸಲು. ಟೈಪ್ ಮಾಡಿದ್ದು ಓದಲು ಸುಲಭವಾಗಲಿ ಎಂದು ಮಾತ್ರ, ಅದರಲ್ಲಿ ಭಾಷೆ ತಿದ್ದಿ ಅಂದ ಮಾಡಬೇಡಿ.

ಪುಟಗಳಿಗೆ ಒಟ್ಟು ಸಂಖ್ಯೆ ಸೇರಿಸಿ ನಂಬರ್ ಹಾಕಿ: 7ರಲ್ಲಿ 1, 7ರಲ್ಲಿ 2. ಮಧ್ಯದ ಹಾಳೆ ಹೋದರೆ ತಿಳಿಯಲು ಇದೊಂದೇ ದಾರಿ. ನಡಾವಳಿ ಮತ್ತು ತೀರ್ಮಾನದ ಪ್ರತಿಯನ್ನು ದೂರುದಾರರಿಗೂ, ದೂರಿನಲ್ಲಿರುವವರಿಗೂ ಒಂದೇ ದಿನ ಕೊಡಿ. ಕೊಟ್ಟಾಗ ಸ್ವೀಕೃತಿ ಸಹಿ ಮತ್ತು ತಾರೀಖು ಪಡೆಯಿರಿ, ತಾರೀಖನ್ನು ಅವರ ಕೈಯಲ್ಲೇ ಬರೆಸಿ. ಆಕೆಯ 60 ದಿನ ಶುರುವಾಗುವುದು ಆ ತಾರೀಖಿನಿಂದ. ಸಂಧಾನಾಧಿಕಾರಿಗೆ ಅರ್ಜಿ ಕೊಡಬಹುದು, ಇಂತಿಷ್ಟು ದಿನದೊಳಗೆ, ಸಂಘದ ಮೂಲಕ ಎಂಬ ಒಂದು ಸಾಲನ್ನು ತೀರ್ಮಾನದ ಕೆಳಗೆ ಬರೆದೇ ಕೊಡುತ್ತೇನೆ. ನಮ್ಮ ಟೈಲರ್ ಆ ಸಾಲಿನ ಮೇಲೆ ಬೆರಳಿಟ್ಟು ಓದಿ, "ಇದು ನಂಗೆ ಬೇಕಾಗಲ್ಲ ಅಲ್ವಾ ಮೇಡಂ?" ಎಂದು ಕೇಳಿದರು. "ಸಂಬಳ ಬಂದ ಮೇಲೆ ಪೇ ಸ್ಲಿಪ್ ನೋಡಿ ಹೇಳಿ" ಎಂದೆ. ಮಾರ್ಚ್ 7ಕ್ಕೆ ಆಕೆ ತಂದು ತೋರಿಸಿದ ಪೇ ಸ್ಲಿಪ್‌ನಲ್ಲಿ ಓ.ಟಿ. ಕಾಲಮಿನಲ್ಲಿ 6 ಇತ್ತು. ಅದರ ಜೆರಾಕ್ಸ್ ತೆಗೆದು ದಾಖಲೆ 4 ಎಂದು ನಂಬರ್ ಹಾಕಿ ಫೈಲ್ ಮುಚ್ಚಿದೆ.